ಬಳ್ಳಾರಿ ಬೇಸಿಗೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ತಡವರಿಸುತ್ತೆ?

ಡಿಸೆಂಬರ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ಗೇಮ್ ಏಪ್ರಿಲ್ ಬಂದ್ರೆ ಹತ್ತು ನಿಮಿಷಕ್ಕೇ ತಡವರಿಸುತ್ತೆ. ಲ್ಯಾಪ್‌ಟಾಪ್ ಹಾಳಾಗಿಲ್ಲ. ಕೋಣೆಯ ಬಿಸಿ ಏರಿದೆ, ಅಷ್ಟೇ. ಒರಟಾದ ಲೆಕ್ಕ ಹೀಗೆ:

```
ಚಿಪ್ ಬಿಸಿ = ಕೋಣೆ ಬಿಸಿ + (ವ್ಯಾಟ್ × ತಡೆ)
```

ತಡೆ ಅಂದರೆ ಒಂದು ವ್ಯಾಟ್‌ಗೆ ಚಿಪ್ ಎಷ್ಟು ಡಿಗ್ರಿ ಏರುತ್ತೆ ಅನ್ನೋದು. ಸಿಪಿಯು 45 ವ್ಯಾಟ್ ಎಳೆಯುತ್ತಿದೆ, ಧೂಳು ತುಂಬಿ ತಡೆ 1.4 ಆಗಿದೆ ಅಂದುಕೊಳ್ಳಿ. ಏರಿಕೆ 63 ಡಿಗ್ರಿ. ಕೋಣೆ 26 ಇದ್ದರೆ ಚಿಪ್ 89, ಕೋಣೆ 38 ಆದರೆ 101. ಹಲವು ಇಂಟೆಲ್ ಚಿಪ್‌ಗಳ ಮಿತಿ 100. ಅದನ್ನು ಮುಟ್ಟುತ್ತಲೇ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತೆ. ಗೇಮ್ ಆಡುವಾಗ ಚಿಪ್ ಬಿಸಿ ತೋರಿಸುವ HWiNFO ತಂತ್ರಾಂಶ ತೆರೆದಿಡಿ. Thermal Throttling ಎದುರು Yes ಬಂದರೆ ಕಾರಣ ಬಿಸಿಯೇ. No ಇದ್ದೂ ವೇಗ ಬಿದ್ದಿದ್ದರೆ ಚಾರ್ಜರ್ ಅಥವಾ ಪವರ್ ಮಿತಿ ಕಡೆ ನೋಡಿ.

ಮೊದಲ ಕೆಲಸ ಧೂಳು ತೆಗೆಯುವುದು. ಜೀನ್ಸ್ ಹೊಲಿಯುವ ಮನೆಯ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನಿಗೂ ಅದರ ಮುಂದಿನ ತೆಳು ಲೋಹದ ರೆಕ್ಕೆಗಳಿಗೂ ನಡುವೆ ನೀಲಿ ನೂಲಿನ ಪುಡಿ ಕಂಬಳಿಯಂತೆ ಮೆತ್ತಿರುತ್ತೆ. ಹೊರಗಿನಿಂದ ಗಾಳಿ ಊದಿದರೆ ಇದು ಹೋಗಲ್ಲ. ಆಫ್ ಮಾಡಿ, ಕೆಳಗಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ. ಫ್ಯಾನ್ ತೆಗೆದು, ಆ ಪದರವನ್ನು ಚಿಮಟದಲ್ಲಿ ಎತ್ತಬೇಕು. ಬ್ರಷ್ ಆಡಿಸುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ, ಒತ್ತಡ ಜಾಸ್ತಿ, ಜೊತೆಗೆ ನೀರಿನ ಹನಿಯೂ ಬರುತ್ತೆ. ತಡೆ 1.15ಕ್ಕೆ ಇಳಿದರೆ ಅದೇ 38 ಡಿಗ್ರಿ ಕೋಣೆಯಲ್ಲಿ ಚಿಪ್ ಸುಮಾರು 90.

ಆಮೇಲೆ ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು. ಒಂದೇ ವೇಗದಲ್ಲಿ ಚಿಪ್ ಎಳೆಯುವ ಪವರ್ ಹೆಚ್ಚುಕಮ್ಮಿ ವೋಲ್ಟೇಜಿನ ವರ್ಗದಂತೆ ಬದಲಾಗುತ್ತೆ. 1.10 ವೋಲ್ಟ್ ಅನ್ನು 1.02ಕ್ಕೆ ಇಳಿಸಿದರೆ ಸುಮಾರು ಶೇ. 14 ಪವರ್ ಉಳಿತಾಯ. 45 ವ್ಯಾಟ್ 39ರ ಹತ್ತಿರ ಬಂತು, ಚಿಪ್ 83ರ ಆಸುಪಾಸಿಗೆ ಇಳಿಯಿತು. ThrottleStop ತಂತ್ರಾಂಶದ FIVR ವಿಭಾಗದಲ್ಲಿ CPU Core, CPU Cache ಎರಡನ್ನೂ ಹತ್ತತ್ತು ಮಿಲಿವೋಲ್ಟ್ ಇಳಿಸುತ್ತಾ ಹೋಗಿ, ಪ್ರತಿ ಸಲ ಅರ್ಧ ಗಂಟೆ ಗೇಮ್ ಆಡಿ. ನೀಲಿ ಪರದೆ ಬಂದರೆ ಎರಡು ಹೆಜ್ಜೆ ಹಿಂದೆ ಬನ್ನಿ. 2019ರ Plundervolt ಭದ್ರತಾ ದೋಷದ ನಂತರ ಹಲವು ಕಂಪನಿಗಳು ಇದನ್ನು ಲಾಕ್ ಮಾಡಿವೆ. ಅಂಕಿ ಬದಲಿಸಲು ಬಿಡದಿದ್ದರೆ ಬಯೋಸ್ ಜೊತೆ ಕುಸ್ತಿ ಬೇಡ.

ಕೂಲಿಂಗ್ ಪ್ಯಾಡ್ ಎಲ್ಲರೂ ಮೊದಲು ಕೊಳ್ಳುವುದು, ನನ್ನ ಲೆಕ್ಕದಲ್ಲಿ ಕೊನೆಯದು. 38 ಡಿಗ್ರಿ ಕೋಣೆಯಲ್ಲಿ ಅದು ಊದುವುದೂ 38 ಡಿಗ್ರಿ ಗಾಳಿಯೇ ಅಲ್ವಾ? ಕೆಳಗಿನ ರಂಧ್ರಗಳಿಗೆ ಗಾಳಿ ಸಾಲದೆ ಇದ್ದರೆ ಮಾತ್ರ ಲಾಭ. ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತಿ ನೋಡಿ. ಡಿಗ್ರಿ ಇಳಿದರೆ ಪ್ಯಾಡ್ ಕೊಳ್ಳಬಹುದು, ಇಳಿಯದಿದ್ದರೆ ದುಡ್ಡು ಉಳಿಯಿತು.