ಪದ ಪರಿಚಯ: ಹಿಂದಿನ ಸೀಟಿನಲ್ಲಿ ಕೂತವರು ‘ಥರ್ಡ್ ಪಾರ್ಟಿ’ಯೇ?

ವಿಮೆಯ ಕರಾರಿನಲ್ಲಿ ಗಾಡಿಯ ಮಾಲೀಕರು ಮೊದಲನೆಯ ಪಕ್ಷ, ವಿಮಾ ಕಂಪನಿ ಎರಡನೆಯ ಪಕ್ಷ. ಈ ಕರಾರಿನ ಹೊರಗಿದ್ದು, ಆ ಗಾಡಿಯಿಂದ ಪೆಟ್ಟಾದವರು ಅಥವಾ ಆಸ್ತಿ ನಷ್ಟವಾದವರು ಮೂರನೆಯ ಪಕ್ಷ, ಅಂದರೆ ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯ ಮಾಡಿರುವುದು ಇವರ ಸಲುವಾಗಿ ಮಾಡಿಸುವ ವಿಮೆಯನ್ನು ಮಾತ್ರ. ಜನ ‘ಫುಲ್ ಇನ್ಶೂರೆನ್ಸ್’ ಎಂದು ಕರೆಯುವ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಇದೇ ಭಾಗದ ಜೊತೆಗೆ ನಮ್ಮ ಗಾಡಿಗೇ ಆಗುವ ಹಾನಿ, ಕಳವು, ಬೆಂಕಿ, ನೆರೆಯ ನಷ್ಟವೂ ಸೇರುತ್ತದೆ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯವರ ಬಳಿ 110 ಸಿಸಿಯ, ಹತ್ತು ವರ್ಷ ತುಂಬಿದ ಸ್ಕೂಟರ್ ಇದೆ. ಅವರು ದಿನವೂ ಬೆಳಿಗ್ಗೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅಗ್ರಹಾರ ವೃತ್ತ ದಾಟಿ ಅವರ ಕಚೇರಿಗೆ ಬಿಟ್ಟು, ತಾವು ಮೇಟಗಳ್ಳಿಗೆ ಹೋಗುತ್ತಾರೆ. “ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ಯಾಕೆ ಸಾರ್, ಥರ್ಡ್ ಪಾರ್ಟಿ ಸಾಕಲ್ವಾ?” ಎಂದು ಅವರು ಕೇಳಿದಾಗ ಮೊದಲು ರಿಪೇರಿಯ ಲೆಕ್ಕವನ್ನೇ ಹಾಕಿ ನೋಡಿದೆವು.

ಮಳೆಯಲ್ಲಿ ಜಾರಿ ಬಿದ್ದು 5,700 ರೂಪಾಯಿ ಬಿಲ್ ಆಯಿತೆನ್ನಿ: ಮುಂದಿನ ಪ್ಯಾನೆಲ್ ಮತ್ತು ಮಡ್‌ಗಾರ್ಡಿನ ಪ್ಲಾಸ್ಟಿಕ್ಕಿಗೆ 2,800, ಮುಂದಿನ ಫೋರ್ಕಿಗೆ 2,000, ಕೂಲಿ 900. ಪ್ಲಾಸ್ಟಿಕ್, ರಬ್ಬರ್ ಮತ್ತು ಬ್ಯಾಟರಿಗೆ ಗಾಡಿಯ ವಯಸ್ಸು ಎಷ್ಟೇ ಇರಲಿ ಅರ್ಧ ಬೆಲೆಯನ್ನು ಸವಕಳಿಯೆಂದು ಕಳೆಯುತ್ತಾರೆ. ಲೋಹದ ಭಾಗಗಳಿಗೂ ಗಾಡಿಗೆ ಹತ್ತು ವರ್ಷ ದಾಟಿದ ಮೇಲೆ ಕಡಿತ ಅರ್ಧವೇ. ಹಾಗಾಗಿ 1,400, 1,000 ಮತ್ತು ಪೂರ್ತಿ ಕೂಲಿ 900 ಸೇರಿ 3,300. ಅದರಲ್ಲಿ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ 100 ಹೋಗಿ ಕೈಗೆ ಬರುವುದು 3,200. ಗಾಡಿಯೇ ಕಳವಾದರೆ ಸಿಗುವುದು ಪಾಲಿಸಿಯಲ್ಲಿ ಐಡಿವಿ ಎಂದು ನಮೂದಾಗಿರುವ ಮೊತ್ತ, ಅವರ ವಿಷಯದಲ್ಲಿ 18,000. ಐದು ವರ್ಷ ದಾಟಿದ ಗಾಡಿಗೆ ಈ ಮೊತ್ತಕ್ಕೆ ನಿಗದಿತ ಕೋಷ್ಟಕವಿಲ್ಲ, ಕಂಪನಿಯೂ ಮಾಲೀಕರೂ ಒಪ್ಪಿಕೊಂಡದ್ದೇ ಮೌಲ್ಯ. ಇಷ್ಟನ್ನೇ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಆದರೆ ನನ್ನ ಮಟ್ಟಿಗೆ ಈ ಎರಡು ಪದಗಳ ನಡುವಿನ ನಿಜವಾದ ಅಂತರ ಇರುವುದು ಪ್ಯಾನೆಲ್ಲಿನಲ್ಲಲ್ಲ, ಹಿಂದಿನ ಸೀಟಿನಲ್ಲಿ. ದಾರಿಯಲ್ಲಿ ನಡೆದು ಹೋಗುವವರಿಗೆ ಪೆಟ್ಟಾದರೆ ಅವರು ಥರ್ಡ್ ಪಾರ್ಟಿ ಎಂಬುದರಲ್ಲಿ ಅನುಮಾನವಿಲ್ಲ. ನಮ್ಮ ಬೆನ್ನ ಹಿಂದೆ ಕೂತು, ನಮ್ಮದೇ ತಪ್ಪಿನಿಂದ ಬಿದ್ದು ಪೆಟ್ಟು ಮಾಡಿಕೊಂಡ ಹೆಂಡತಿಯೋ ಮಗಳೋ ಥರ್ಡ್ ಪಾರ್ಟಿ ಆಗುತ್ತಾರೆಯೇ? ಕಾಯ್ದೆ ಕಡ್ಡಾಯ ಮಾಡಿರುವಷ್ಟನ್ನೇ ಕೊಡುವ ಪಾಲಿಸಿಯು ದ್ವಿಚಕ್ರ ವಾಹನದ ಹಿಂಬದಿ ಸವಾರರ ಪರಿಹಾರದ ಹೊಣೆಯನ್ನು ಹೊರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪು ಕೊಟ್ಟಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಕಾಂಪ್ರಹೆನ್ಸಿವ್ ಪಾಲಿಸಿ, ಹಿಂಬದಿ ಸವಾರರನ್ನೂ ಒಳಗೊಳ್ಳುತ್ತದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿ ಕಂಪನಿಗಳಿಗೆ ಸ್ಪಷ್ಟಪಡಿಸಿತು. ಬೇರೊಂದು ಗಾಡಿಯ ತಪ್ಪಿನಿಂದ ಬಿದ್ದರೆ ಆ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಬಹುದು. ತೊಡಕಾಗುವುದು ಗುಂಡಿಗೆ ಇಳಿಸಿ, ಬ್ರೇಕ್ ಹಾಕಿ ನಾವೇ ಬಿದ್ದಾಗ. ಸವಾರಿ ಮಾಡುವ ಮಾಲೀಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಪ್ರತ್ಯೇಕವಾಗಿರುತ್ತದೆ, ಆದರೆ ಅದು ಅವರೊಬ್ಬರಿಗೇ ಸೀಮಿತ; ಹಿಂದೆ ಕೂತವರಿಗೆ ಅದರಲ್ಲಿ ಪಾಲಿಲ್ಲ.

ಹೆಚ್ಚಿಗೆ ಕಟ್ಟಬೇಕಾದ ಮೊತ್ತ ಎಷ್ಟು? 75ರಿಂದ 150 ಸಿಸಿಯ ಗಾಡಿಗಳಿಗೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ ಥರ್ಡ್ ಪಾರ್ಟಿ ಕಂತು 714 ರೂಪಾಯಿ, ಜಿಎಸ್‌ಟಿ ಬೇರೆ. ಈ ಭಾಗ ಎರಡೂ ಪಾಲಿಸಿಗಳಲ್ಲಿ ಒಂದೇ. ಸ್ವಂತ ಹಾನಿಯ ಕಂತು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಐಡಿವಿಯ ಶೇಕಡಾ 1.8ರಂತೆ ಹಿಡಿದರೂ 18,000ಕ್ಕೆ 324 ರೂಪಾಯಿ, ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 382. ‘ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ’ ಎಂದು ಹೆದರುವವರು ಗಮನಿಸಬೇಕಾದದ್ದು, ಆ ರಿಯಾಯಿತಿ ಅನ್ವಯಿಸುವುದು ಈ 324ಕ್ಕೆ ಮಾತ್ರ. ಗರಿಷ್ಠ ಶೇಕಡಾ 50 ಇದ್ದರೂ ಅದು ವರ್ಷಕ್ಕೆ 162 ರೂಪಾಯಿ.

ನಿಮ್ಮ ಪಾಲಿಸಿ ಯಾವುದೆಂದು ತಿಳಿಯಲು ಮೊದಲ ಪುಟದ ತಲೆಬರಹ ನೋಡಿದರೆ ಸಾಕು. ‘ಲಯಬಿಲಿಟಿ ಓನ್ಲಿ’ ಎಂದಿದ್ದರೆ ಅದು ಬರೀ ಥರ್ಡ್ ಪಾರ್ಟಿ. ಆಗ ಕಂತಿನ ವಿವರದಲ್ಲಿ ಹಿಂಬದಿ ಸವಾರರಿಗಾಗಿ ಹೆಚ್ಚುವರಿ ಹಣ ಕಟ್ಟಿದ ಸಾಲು ಇದೆಯೇ ಎಂದೂ ಹುಡುಕಬೇಕು. ಪಕ್ಕದ ಮನೆಯವರ ಕಾಗದದಲ್ಲಿ ಆ ಸಾಲು ಇರಲಿಲ್ಲ. ಥರ್ಡ್ ಪಾರ್ಟಿಯಿಂದ ಕಾಂಪ್ರಹೆನ್ಸಿವ್‌ಗೆ ಬದಲಾಗುವಾಗ ಕಂಪನಿಗಳು ಗಾಡಿಯ ತಪಾಸಣೆ ಕೇಳುವುದುಂಟು. ಹಾಗಾಗಿ ಕಳೆದ ಭಾನುವಾರ ಅವರು ಸ್ಕೂಟರನ್ನು ತೊಳೆದು, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಮಸಿ ಹಿಡಿದಿದ್ದ ಚಾಸಿ ನಂಬರನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತ ಕೂತಿದ್ದರು.