ಆಂಬ್ಯುಲೆನ್ಸ್ ತಡವಾದಾಗ ವರದಿ ಬರೆಯುವುದು: ಬೆಣ್ಣೆಹಳ್ಳದ ಆಚೆಯ ಒಂದು ಲಕ್ವಾ ಕೇಸು

ಇಎಂಟಿ ತರಬೇತಿಯಲ್ಲಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಕೇಸು ಅಭ್ಯಾಸಕ್ಕೆಂದೇ ಕಟ್ಟಿದ್ದು, ಆದರೆ ನವಲಗುಂದ ಸೀಮೆಯ ಎರೆಮಣ್ಣು, ಮಳೆಗಾಲದ ಬೆಣ್ಣೆಹಳ್ಳ ಎರಡೂ ನಮಗೆಲ್ಲ ಗೊತ್ತಿರುವವೇ.

ಬೆಳಿಗ್ಗೆ 6:12ಕ್ಕೆ 108ಕ್ಕೆ ಕರೆ ಬಂತು. 61 ವರ್ಷದ ರೈತರು ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದಾರೆ, ಮಾತು ತೊದಲುತ್ತಿದೆ, ಬಲಗೈ ಏಳುತ್ತಿಲ್ಲ. ಗಾಡಿಗೆ ಕೇಸು ಬಂದದ್ದು 6:15ಕ್ಕೆ, ಹೊರಟದ್ದು 6:17ಕ್ಕೆ. ಊರು 14 ಕಿ.ಮೀ. ದೂರ. ರೋಗಿಯ ಪಕ್ಕ ಕೂತದ್ದು 7:10ಕ್ಕೆ. ಕರೆಯಿಂದ ಲೆಕ್ಕ ಹಾಕಿದರೆ 58 ನಿಮಿಷ.

ಇಲ್ಲಿ ಹೊಸಬರು ಬರೆಯುವ ಸಾಲು ಒಂದೇ: 'ಮಳೆಯಿಂದ ರಸ್ತೆ ಕೆಟ್ಟಿದ್ದರಿಂದ ತಡವಾಯಿತು.' ಸುಳ್ಳಲ್ಲ, ಆದರೆ ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ವಿಚಾರಣೆಗೆ ಕೂತವರು ಕೇಳುವುದು ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಆಗ ನೀವೇನು ಮಾಡಿದಿರಿ ಅಂತ. ಹಾಗಾಗಿ ಆ 58 ನಿಮಿಷವನ್ನು ಬಿಡಿಸಿ ಬರೆಯಬೇಕು. ಈ ಕೇಸಿನ ವರದಿ ಹೀಗಿರಬಹುದು:

'6:31: ಊರಿಗೆ 4 ಕಿ.ಮೀ. ಮೊದಲು ಹಳ್ಳದ ತಗ್ಗು ಸೇತುವೆ ಮೇಲೆ ನೀರು ಹರಿಯುತ್ತಿತ್ತು. ಅಂಚಿನ ಕಲ್ಲುಗಳು ಕಾಣುತ್ತಿರಲಿಲ್ಲ. ಗಾಡಿ ನಿಲ್ಲಿಸಿದೆವು. 6:34: ಕಾಲ್ ಸೆಂಟರ್‌ಗೆ ತಿಳಿಸಿ, ಆಚೆ ದಡದಿಂದ ಬೇರೆ ಗಾಡಿ ಸಿಗುವುದೇ ಎಂದು ಕೇಳಿದೆವು, ಸಿಗಲಿಲ್ಲ. 6:36: ಸುತ್ತು ದಾರಿ ಹಿಡಿದೆವು. 7:04: ಊರ ಅಗಸಿ ತಲುಪಿದೆವು. ಓಣಿಯಲ್ಲಿ ಎರೆ ಕೆಸರು, ಗಾಡಿ ಒಳಗೆ ಹೋಗಲಿಲ್ಲ. ಸ್ಟ್ರೆಚರ್ ಹೊತ್ತು ನಡೆದೆವು. 7:10: ರೋಗಿಯ ಪಕ್ಕ.'

ಈಗ ತಡದ ಲೆಕ್ಕ ತಾನಾಗಿ ಬೀಳುತ್ತದೆ. ಹಳ್ಳ ದಾಟುವಂತಿದ್ದರೆ ಉಳಿದ 4 ಕಿ.ಮೀ.ಗೆ ಒಂಬತ್ತು ನಿಮಿಷ ಹಿಡಿದು 6:40ರ ಸುಮಾರಿಗೆ ಅಗಸಿಯಲ್ಲಿರುತ್ತಿದ್ದೆವು. ಮುಟ್ಟಿದ್ದು 7:04ಕ್ಕೆ. ಅಂದರೆ ಹಳ್ಳ ತಿಂದದ್ದು 24 ನಿಮಿಷ, ಕೆಸರು ಇನ್ನೊಂದು ಆರು. ಅಂಚಿನ ಕಲ್ಲು ಕಾಣುತ್ತಿರಲಿಲ್ಲ ಅನ್ನುವ ಮಾತು ಬಿಡಬೇಡಿ. 'ಯಾಕೆ ದಾಟಲಿಲ್ಲ' ಎಂಬ ಪ್ರಶ್ನೆಗೆ ಪೈಲಟ್ ಕಣ್ಣಿಗೆ ಕಂಡದ್ದೇ ಉತ್ತರ. ನೀರು ಎಷ್ಟು ಅಡಿ ಇತ್ತು ಅಂತ ಅಂದಾಜಿಗೆ ಬರೆದರೆ ಆಮೇಲೆ ಅದನ್ನು ಸಾಧಿಸಿ ತೋರಿಸಲು ಆಗುವುದಿಲ್ಲ.

'ಸ್ಥಳ ತಲುಪಿದ್ದು' ಮತ್ತು 'ರೋಗಿಯ ಪಕ್ಕ ತಲುಪಿದ್ದು' ಬೇರೆ ಬೇರೆ ಹೊತ್ತು. ಜಿಪಿಎಸ್‌ನಲ್ಲಿ 7:04ಕ್ಕೆ ಗಾಡಿ ನಿಂತಿದ್ದು ಮಾತ್ರ ಕಾಣುತ್ತದೆ. ಓಣಿ ನಡೆದ ಆರು ನಿಮಿಷ ನೀವು ಬರೆದರಷ್ಟೇ ಉಂಟು. ಗದಗ, ಹಾವೇರಿ ಕಡೆಯ ಹಳ್ಳಿ ಕೇಸುಗಳಲ್ಲೂ ಹೀಗೆ ಕಳೆದುಹೋಗುವ ನಿಮಿಷಗಳು ಬಹಳ.

ಲಕ್ವಾ ಕೇಸಿನಲ್ಲಿ ಇದಕ್ಕಿಂತ ದೊಡ್ಡ ಗಡಿಯಾರ ಇನ್ನೊಂದಿದೆ. ಮನೆಯವರು ಕರೆಯಲ್ಲಿ ಹೇಳಿದ್ದು, '5:50ಕ್ಕ ಆಗೇತ್ರಿ.' ಅದು ಅವರು ಬಿದ್ದಿದ್ದನ್ನು *ನೋಡಿದ* ಹೊತ್ತು. ವೈದ್ಯರಿಗೆ ಬೇಕಾದದ್ದು ರೋಗಿ ಕೊನೆಯ ಸಲ ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತು. ಸ್ಟ್ರೆಚರ್ ಬೆಲ್ಟ್ ಬಿಗಿಯುತ್ತಲೇ ಕೇಳಿದರೆ ಸೊಸೆ ಹೇಳುತ್ತಾರೆ: 'ಮಾವಾರು ನಾಕೂವರಿಗೆ ಎದ್ದು ಎಮ್ಮಿಗೆ ಮೇವು ಹಾಕಾಕ ಹೊಂಟಿದ್ರು, ನನ್ನ ಕೂಡ ಛಲೋ ಮಾತಾಡಿದ್ರಿ. ಆಮ್ಯಾಲೆ ನಾ ನೋಡಿಲ್ಲ.' ಹಾಗಾದರೆ ಬರೆಯಬೇಕಾದ್ದು 4:30, ಜೊತೆಗೆ 'ಸೊಸೆ ಹೇಳಿದಂತೆ' ಎಂದು. 5:50 ಕೂಡ ಇರಲಿ, ಆದರೆ 'ಬಿದ್ದದ್ದು ಕಂಡುಬಂದ ಹೊತ್ತು' ಎಂಬ ಹೆಸರಿನಲ್ಲಿ.

ಈ 80 ನಿಮಿಷದ ಅಂತರ ಚಿಕಿತ್ಸೆಯನ್ನೇ ಬದಲಿಸುತ್ತದೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ನೋಡಿದ ಮೇಲೆ ಕೊಡುತ್ತಾರೆ. 4:30ರಿಂದ ಎಣಿಸಿದರೆ ಗಡುವು 9:00ಕ್ಕೆ ಮುಗಿಯುತ್ತದೆ. 5:50 ಎಂದು ಬರೆದುಬಿಟ್ಟರೆ ಕಾಗದದ ಮೇಲೆ 10:20ರವರೆಗೆ ಸಮಯ ಇದ್ದಂತೆ ಕಾಣುತ್ತದೆ. ಗಡುವು ಮೀರಿದ ಮೇಲೆ ಆ ಇಂಜೆಕ್ಷನ್ ಕೊಟ್ಟರೆ ಮಿದುಳಿನಲ್ಲಿ ರಕ್ತ ಸೋರುವ ಅಪಾಯ ಹೆಚ್ಚು.

ಇನ್ನು ರೋಗಿಯ ಸ್ಥಿತಿ. 7:12ಕ್ಕೆ ಮೊದಲ ತಪಾಸಣೆ: ಎಚ್ಚರವಿದ್ದಾರೆ, ಜಿಸಿಎಸ್ 14 (ಕಣ್ಣು 4, ಮಾತು 4, ಚಲನೆ 6), ಬಾಯಿ ಎಡಕ್ಕೆ ಎಳೆದಿದೆ, ಬಲಗೈ ಎತ್ತಿ ಹಿಡಿದರೆ ಕೆಳಗೆ ಬೀಳುತ್ತದೆ, ಬಿಪಿ 178/100, ನಾಡಿ 92, ಆಕ್ಸಿಜನ್ ಮಟ್ಟ 93, ಶುಗರ್ 118. ಶುಗರ್ ನೋಡದೆ ಲಕ್ವಾ ಎಂದು ಬರೆಯಲೇಬೇಡಿ, ಶುಗರ್ ತೀರ ಇಳಿದಾಗಲೂ ಹೀಗೇ ಒಂದು ಬದಿ ಸೋಲಬಹುದು. 94ಕ್ಕಿಂತ ಕಡಿಮೆ ಇದ್ದುದರಿಂದ ಆಕ್ಸಿಜನ್ ಹಚ್ಚಿದ್ದು, ಬಾಯಿಗೆ ನೀರನ್ನೂ ಕೊಡದಿದ್ದದ್ದು, ಬಿಪಿ ಇಳಿಸಲು ಏನೂ ಕೊಡದಿದ್ದದ್ದು, ಎಲ್ಲ ವರದಿಯಲ್ಲಿರಲಿ. ಮಾಡದೆ ಬಿಟ್ಟದ್ದೂ ಕೆಲಸವೇ. 7:24ಕ್ಕೆ ಹೊರಟು, 7:26ಕ್ಕೆ ಹುಬ್ಬಳ್ಳಿಯ ಆಸ್ಪತ್ರೆಗೆ ಫೋನಿನಲ್ಲಿ 'ಲಕ್ವಾ ಶಂಕೆ, ಕೊನೆಯ ಸಲ ಸರಿಯಿದ್ದದ್ದು 4:30' ಎಂದು ಹೇಳಿದ್ದು, ಫೋನ್ ಎತ್ತಿದವರ ಹುದ್ದೆ ಸಮೇತ.

7:50ಕ್ಕೆ ಗಾಡಿಯಲ್ಲಿ ಒಮ್ಮೆ ವಾಂತಿ. ಮಗ್ಗುಲಾಗಿ ಮಲಗಿಸಿ ಸಕ್ಷನ್ ಮಾಡಿದೆವು. 7:55ಕ್ಕೆ ಜಿಸಿಎಸ್ 12 (ಕಣ್ಣು 3, ಮಾತು 3, ಚಲನೆ 6), ಆಕ್ಸಿಜನ್ 97. ಎರಡು ಅಂಕ ಇಳಿದ ಈ ಸಾಲೇ ಹಸ್ತಾಂತರದಲ್ಲಿ ಮೊದಲು ಹೇಳಬೇಕಾದದ್ದು. ಒಟ್ಟು ಅಂಕವಷ್ಟೇ ಬರೆದರೆ ಏನು ಇಳಿಯಿತು ಎಂದು ತಿಳಿಯದು. ಮಾತು ಇಳಿಯುವುದಕ್ಕೂ ಚಲನೆ ಇಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಇಲ್ಲೇ ಒಂದು ಸೆಳೆತ ಬರುತ್ತದೆ: 'ದಾರಿ ತಡವಾದ್ದರಿಂದ ರೋಗಿಯ ಸ್ಥಿತಿ ಬಿಗಡಾಯಿಸಿತು' ಎಂದು ಬರೆಯುವುದು. ನನ್ನ ಪ್ರಕಾರ ಇದು ವರದಿಯಲ್ಲಿ ಇರಲೇಬಾರದ ವಾಕ್ಯ. ಮಿದುಳಿನಲ್ಲಿ ಗಡ್ಡೆಯೋ ರಕ್ತಸ್ರಾವವೋ ಎಂಬುದೇ ನಮಗೆ ಗೊತ್ತಿಲ್ಲ, ಸ್ಕ್ಯಾನ್ ಇನ್ನೂ ಆಗಿಲ್ಲ. ತಡ ಒಂದು ಕಡೆ, ಸ್ಥಿತಿ ಒಂದು ಕಡೆ, ಎರಡಕ್ಕೂ ಹೊತ್ತು ಹಾಕಿ ಬಿಡಿ. ಗಂಟು ಹಾಕುವ ಕೆಲಸ ವೈದ್ಯರದು.

8:28ಕ್ಕೆ ಆಸ್ಪತ್ರೆ ಬಾಗಿಲು. ತುರ್ತು ವಿಭಾಗದಲ್ಲಿ ಖಾಲಿ ಹಾಸಿಗೆ ಇಲ್ಲ, ರೋಗಿ ನಮ್ಮ ಸ್ಟ್ರೆಚರ್ ಮೇಲೆಯೇ ಇದ್ದಾರೆ. 8:41ಕ್ಕೆ ಹಾಸಿಗೆಗೆ ವರ್ಗ, ಡ್ಯೂಟಿ ವೈದ್ಯರ ಸಹಿ. ಈ ಹದಿಮೂರು ನಿಮಿಷ 'ಪ್ರಯಾಣ'ದ ಲೆಕ್ಕಕ್ಕೆ ಸೇರಬಾರದು, ಸೇರಿದರೆ ಪೈಲಟ್ ನಿಧಾನ ಓಡಿಸಿದಂತೆ ಕಾಣುತ್ತದೆ. ಕಾದ ಹೊತ್ತಿನಲ್ಲೂ ರೋಗಿ ನಮ್ಮ ಕೈಯಲ್ಲೇ ಇರುವುದರಿಂದ 8:35ರ ತಪಾಸಣೆ ಬೇಕು: ಜಿಸಿಎಸ್ 12, ಬಿಪಿ 184/102. ಹಸ್ತಾಂತರದ ಹೊತ್ತಿಗೆ ಗಡುವಿಗೆ ಉಳಿದದ್ದು 19 ನಿಮಿಷ, ಸ್ಕ್ಯಾನ್ ಇನ್ನೂ ಆಗಬೇಕು. ಆದ್ದರಿಂದ ಬಾಯಿಮಾತಿನಲ್ಲಿ ಮೊದಲ ವಾಕ್ಯ ಇದು: 'ಸರ್, ಕೊನೆಯ ಸಲ ಸರಿಯಿದ್ದದ್ದು ನಾಲ್ಕೂವರೆಗೆ, ದಾರಿಯಲ್ಲಿ ಜಿಸಿಎಸ್ 14ರಿಂದ 12ಕ್ಕೆ ಇಳಿದಿದೆ.' ಹಳ್ಳದ ಕತೆ ಆಮೇಲೆ.

ಗಡಿಯಾರದ ಬಗ್ಗೆ ಒಂದು ಮಾತು ಉಳಿಯಿತು. ಕರೆಯ ಹೊತ್ತು ಕಾಲ್ ಸೆಂಟರ್‌ನದು, ಉಳಿದವು ನಿಮ್ಮ ಮೊಬೈಲಿನವು, ಸಹಿಯ ಹೊತ್ತು ಆಸ್ಪತ್ರೆ ಗೋಡೆಯದು. ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿದ್ದರೆ ತಿದ್ದಿ ಹೊಂದಿಸಬೇಡಿ. 'ಆಸ್ಪತ್ರೆ ಗಡಿಯಾರ 8:45, ನಮ್ಮದು 8:41' ಎಂದು ಎರಡನ್ನೂ ಬರೆದು ಸಹಿ ತೆಗೆದುಕೊಳ್ಳಿ.