ಚಿಪ್ಪಿಗಿಂತ ಮೊದಲು ಹಿಂಗಾಲು ನೋಡಿ

ಮಳೆ ಹಿಡಿಯುತ್ತಿದ್ದಂತೆ ನನ್ನ ಫೋನಿಗೆ ಆಮೆಗಳ ಫೋಟೋ ಬರತೊಡಗುತ್ತವೆ. ಕೇಳುವುದು ಒಂದೇ: ನೆಲದ್ದೋ, ನೀರಿನದೋ? ಉತ್ತರ ತಪ್ಪಬಾರದು. ನೆಲದ ಆಮೆಗೆ ಈಜು ಬರುವುದಿಲ್ಲ, ಬಾವಿಗೋ ಹೊಳೆಗೋ ಬಿಟ್ಟರೆ ಮುಳುಗಿ ಸಾಯುತ್ತದೆ.

ಜುಲೈಯಲ್ಲಿ ಹೆಬ್ರಿ ಕಡೆಯಿಂದ ಬಂದ ಒಂದು ಫೋಟೋ ನೋಡೋಣ. ಸಂಜೆ, ತೋಟದ ಪಕ್ಕದ ರಸ್ತೆ, ಕಪ್ಪು ಚಿಪ್ಪಿನ ಆಮೆ. "ಸರ್, ಹತ್ತಿರ ಕೆರೆಯೇ ಇಲ್ಲ, ಇದು ಕಾಡಾಮೆಯೇ ಅಲ್ವಾ?" ಎಂದು ಕಳುಹಿಸಿದವರು ಕೇಳಿದ್ದರು. ಮೇಲಿನಿಂದ ತೆಗೆದ ಫೋಟೋದಲ್ಲಿ ಬೆನ್ನಿನ ಉದ್ದಕ್ಕೂ ಮೂರು ಏಣುಗಳು ಕಂಡವು, ಆದರೆ ಚಿಪ್ಪು ಎಷ್ಟು ಎತ್ತರ ಎಂಬುದು ತಿಳಿಯಲಿಲ್ಲ. ಹಿಂಗಾಲಿಗೆ ಸ್ವಲ್ಪ ನೀರು ಹಾಕಿ, ಕೆಸರು ಹೋದ ಮೇಲೆ, ನೆಲಮಟ್ಟದಿಂದ ಇನ್ನೊಂದು ಫೋಟೋ ತೆಗೆಯಲು ಹೇಳಿದೆ. ಅದರಲ್ಲಿ ಬೆರಳುಗಳು ಬಿಡಿಬಿಡಿಯಾಗಿ, ನಡುವೆ ತೆಳ್ಳನೆಯ ಜಾಲಪೊರೆಯೊಂದಿಗೆ ಸ್ಪಷ್ಟವಾಗಿ ಕಂಡವು. ಅದು ನಮ್ಮ ಕೆರೆ, ಬಾವಿಗಳ ಕಪ್ಪಾಮೆ. ಮಳೆಗಾಲದಲ್ಲಿ ಮೇಯಲು ದಡ ಬಿಟ್ಟು ಬರುವುದು ಅದರ ಅಭ್ಯಾಸ. ಹಾಗಾಗಿ ಸಿಕ್ಕಿದ ಜಾಗವನ್ನು ನೋಡಿ ತೀರ್ಮಾನಿಸಬಾರದು.

ನೆಲದ ಆಮೆಯ ಹಿಂಗಾಲಿನಲ್ಲಿ ಬೆರಳುಗಳೇ ತೋರುವುದಿಲ್ಲ. ಆನೆಯ ಕಾಲಿನಂತೆ ದುಂಡಗಿನ ಕಂಬ, ತುದಿಯಲ್ಲಿ ಮೊಂಡು ಉಗುರು. ಮುಂಗಾಲಿನ ಮೇಲೆ ದೊಡ್ಡ ದೊಡ್ಡ ಗಟ್ಟಿ ಹುರುಪೆಗಳು ಒಂದರ ಮೇಲೊಂದು ಕೂತಿರುತ್ತವೆ.

ಇನ್ನು ಚಿಪ್ಪಿನ ವಿಷಯ. ಗುಮ್ಮಟದಂತಿದ್ದರೆ ನೆಲದ್ದು, ಚಪ್ಪಟೆಯಾದರೆ ನೀರಿನದು ಎಂಬ ಲೆಕ್ಕ ನಕ್ಷತ್ರ ಆಮೆಗೆ ಸರಿಹೋಗುತ್ತದೆ. ಪಶ್ಚಿಮ ಘಟ್ಟದ ತಿರುವಾಂಕೂರು ಆಮೆಗೆ ಅದು ಹೊಂದುವುದಿಲ್ಲ. ಪಕ್ಕಾ ನೆಲದ ಪ್ರಾಣಿಯಾದರೂ ಅದರ ಬೆನ್ನು ತಗ್ಗು. ಕಂದು ಚಿಪ್ಪು, ಕಪ್ಪು ಮಚ್ಚೆ. ಅದರ ಕಂಬಗಾಲು ನೋಡದೆ ಹೊಳೆಗೆ ಬಿಟ್ಟರೆ ಜೀವ ಹೋಗುತ್ತದೆ. ಮೆತ್ತನೆಯ ಚಿಪ್ಪು, ಕೊಳವೆಯಂತೆ ಚಾಚಿದ ಮೂತಿ ಕಂಡರೆ ಮಾತ್ರ ಗೊಂದಲವಿಲ್ಲ, ಅದು ನೀರಿನದು.

ಕಾಲಿನ ಪರೀಕ್ಷೆಯೂ ಒಂದು ಕಡೆ ಸೋಲುತ್ತದೆ. ಘಟ್ಟದ ಕಾಡಿನ ಕೇನ್ ಆಮೆ ನೀರಾಮೆಗಳ ಕುಟುಂಬದ್ದೇ, ಆದರೆ ಬದುಕುವುದು ತರಗೆಲೆಗಳ ನಡುವೆ. ಅಂಗೈಯಗಲದ, ಮೂರು ಏಣಿನ, ಮುಖದಲ್ಲಿ ಕೆಂಪು ಇರುವ ಆಮೆ ಕಾಡಿನೊಳಗೆ ಕಂಡರೆ ಅಲ್ಲಿಯೇ ಬಿಡಿ.

ಕೆಲವು ನೀರಾಮೆಗಳಿಗೆ ಇಂಗ್ಲಿಷಿನಲ್ಲಿ ಟೆರಾಪಿನ್ ಎನ್ನುತ್ತಾರೆ, ಅದು ಪ್ರತ್ಯೇಕ ಕುಟುಂಬವಲ್ಲ. ಅವುಗಳಿಗೂ ಜಾಲಪಾದವೇ, ಆದ್ದರಿಂದ ಕಾಲು ನೋಡಿ ಉಳಿದ ನೀರಾಮೆಗಳಿಂದ ಬೇರೆ ಮಾಡಲಾಗದು. ಭಾರತದ ಉಪ್ಪುನೀರು ಬೆರೆತ ಹೊಳೆಗಳ ಟೆರಾಪಿನ್ ಇರುವುದು ಸುಂದರಬನದ ಕಡೆ. ಮಂಗಳೂರಿನಲ್ಲಿ ಆ ಹೆಸರಿನಿಂದ ಕೇಳುವುದು ಸಾಮಾನ್ಯವಾಗಿ ಅಕ್ವೇರಿಯಂ ಅಂಗಡಿಯ ಅಮೆರಿಕದ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ದರೆ ಅದೇ. ಅದನ್ನು ಕೆರೆಗೆ ಬಿಡಬಾರದು, ಊರಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ ಕೊಡುತ್ತದೆ.

ಫೋಟೋ ಕಳುಹಿಸುವವರು ಪಕ್ಕದಿಂದ ಒಂದು, ಹಿಂಗಾಲಿನದೊಂದು, ಮುಖದ್ದೊಂದು ತೆಗೆಯಿರಿ. ಕಾಲು ಒಳಗೆಳೆದುಕೊಂಡಿದ್ದರೆ ಎಳೆಯಬೇಡಿ. ದೂರ ಸರಿದು ನಿಂತರೆ ತಾನೇ ನಡೆಯಲು ಶುರು ಮಾಡುತ್ತದೆ, ಆಗ ಪಾದ ಪೂರ್ತಿ ಕಾಣುತ್ತದೆ.